ಕ್ರ್ಯಾಂಕ್ ಪುಲ್ಲಿ ಬಿಚ್ಚುವ ಕೆಲಸ: ಅಂಚಿಗೆ ಕೈ ಹಾಕಬೇಡಿ, ನಡುವಿಗೆ ಹಾಕಿ

ಹಳೆಯ ಟೊಯೋಟಾ ಕೊರೊಲಾದ ಡ್ರೈವರ್ ಬದಿಯ ಮುಂಚಕ್ರ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿದರೆ, ಎಂಜಿನ್‌ನ ತಳಭಾಗದಲ್ಲಿ ಬೆಲ್ಟ್ ಸುತ್ತಿಕೊಂಡ ದಪ್ಪ ಪುಲ್ಲಿ ಕಾಣುತ್ತದೆ. ಅದರ ಹಿಂದೆ ಸುತ್ತಲೂ ಎಣ್ಣೆ ಕಪ್ಪಗೆ ಮೆತ್ತಿಕೊಂಡಿದ್ದು, ಪುಲ್ಲಿ ತಿರುಗಿದ ದಿಕ್ಕಿನಲ್ಲೇ ಚಿಮ್ಮಿದ ಹನಿಗಳ ಗೆರೆ ಇದ್ದರೆ ಮುಂದಿನ ಆಯಿಲ್ ಸೀಲ್ ಸೋತಿರುವ ಸಾಧ್ಯತೆ ಹೆಚ್ಚು. ಸೀಲ್ ಅಂದರೆ ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಉಂಗುರ. ಅದನ್ನು ಹಾಕಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಅದಕ್ಕೆ ಅಡ್ಡ ನಿಂತಿರುವ ಪುಲ್ಲಿಯನ್ನು ಕಳಚುವುದರಲ್ಲಿ ಕೆಲಸವೆಲ್ಲ ಕೂತಿದೆ. ಎಷ್ಟೋ ಗಾಡಿಗಳಲ್ಲಿ ಸೀಲ್ ಬದಲಾಯಿಸಲು ಹೋಗಿ ಪುಲ್ಲಿ ಹಾಳಾಗಿದೆ, ಪುಲ್ಲಿ ಬಿಚ್ಚಲು ಹೋಗಿ ಟೈಮಿಂಗ್ ಕವರ್ ಸೀಳಿದೆ.

ಈ ಲೇಖನಕ್ಕೆ ಉದಾಹರಣೆಯಾಗಿ ಕೊರೊಲಾವನ್ನೇ ಇಟ್ಟುಕೊಳ್ಳೋಣ. 2003ರಲ್ಲಿ ಭಾರತದ ಮಾರುಕಟ್ಟೆಗೆ ಬಂದ, ನಮ್ಮ ಬಿಡದಿಯಲ್ಲೇ ಜೋಡಣೆಯಾದ 1.8 ಲೀಟರ್ ಪೆಟ್ರೋಲ್ ಕೊರೊಲಾ ಅದು. ಎಂಜಿನ್ನಿನ ಹೆಸರು 1ಜೆಡ್‌ಜೆಡ್-ಎಫ್‌ಇ. ಅಡ್ಡಲಾಗಿ ಕೂತಿರುವ ಈ ಎಂಜಿನ್ನಿನ ಪುಲ್ಲಿ ಗಾಡಿಯ ಬಲಗಡೆಗೆ ಬರುತ್ತದೆ. ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹಾಗಾಗಿ ಸೀಲ್ ಸೋರಿದಾಗ, ಪುಲ್ಲಿಯದೇ ರಬ್ಬರ್ ಕೆಟ್ಟಾಗ ಅಥವಾ ಚೈನ್ ಕವರ್ ತೆಗೆಯಬೇಕಾದಾಗ ಮಾತ್ರ ಈ ಕೆಲಸ ಬರುತ್ತದೆ. ಅಂದರೆ ನೀವು ಕೈ ಹಾಕುವ ಹೊತ್ತಿಗೆ ಆ ಬೋಲ್ಟನ್ನು ಹತ್ತು ಹದಿನೈದು ವರ್ಷಗಳಿಂದ ಯಾರೂ ಮುಟ್ಟಿರುವುದಿಲ್ಲ.

ಒಂದು ಪುಲ್ಲಿ, ಮೂರು ಪದರ

ಹೊರಗಿನಿಂದ ನೋಡಿದರೆ ಒಂದೇ ಕಬ್ಬಿಣದ ತುಂಡಿನಂತೆ ಕಾಣುವ ಈ ಪುಲ್ಲಿ ನಿಜಕ್ಕೂ ಮೂರು ಪದರದ್ದು. ನಡುವೆ ಹಬ್ ಇದೆ. ಕ್ರ್ಯಾಂಕ್ ಶಾಫ್ಟಿನ ತುದಿಯ ಮೇಲೆ ಕೂರುವುದು ಅದು. ಹೊರಗೆ ಬೆಲ್ಟಿನ ಗೀರುಗಳಿರುವ ಭಾರದ ಬಳೆ. ಇವೆರಡರ ನಡುವೆ ತೆಳ್ಳಗಿನ ರಬ್ಬರ್ ಪಟ್ಟಿಯೊಂದನ್ನು ಒತ್ತಿ ಕೂರಿಸಿರುತ್ತಾರೆ. ಸಿಲಿಂಡರಿನಲ್ಲಿ ಪೆಟ್ರೋಲ್ ಸಿಡಿದಾಗಲೆಲ್ಲ ಕ್ರ್ಯಾಂಕ್ ಶಾಫ್ಟ್ ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಬಿಡುತ್ತದೆ. ಆ ನಡುಕ ಕೆಲವು ವೇಗಗಳಲ್ಲಿ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಹೊರ ಬಳೆಯ ಭಾರ ರಬ್ಬರಿನ ಮೂಲಕ ಅದಕ್ಕೆ ಎದುರಾಗಿ ಎಳೆದು ನಡುಕವನ್ನು ತಗ್ಗಿಸುತ್ತದೆ. ಹಾರ್ಮೋನಿಕ್ ಬ್ಯಾಲೆನ್ಸರ್ ಎಂಬ ಹೆಸರು ಇದರಿಂದ ಬಂತು. ಡ್ಯಾಂಪರ್ ಪುಲ್ಲಿ ಎನ್ನುವವರೂ ಇದ್ದಾರೆ.

ಈ ರಬ್ಬರ್ ತಾಳಬೇಕಾದದ್ದು ಬೆಲ್ಟಿನ ಎಳೆತವನ್ನು ಮತ್ತು ಆ ಸಣ್ಣ ನಡುಕವನ್ನು, ಅಷ್ಟೇ. ಪುಲ್ಲಿಯನ್ನು ಕಳಚುವ ಬಲ ಅದರ ಪಾಲಿನದಲ್ಲ. ಹೊರ ಬಳೆಯನ್ನು ಮೂರು ಕಾಲಿನ ಪುಲ್ಲರ್‌ನಿಂದ ಹಿಂದಿನಿಂದ ತಬ್ಬಿ ಎಳೆದರೆ ಆ ಎಳೆತ ಹಬ್‌ಗೆ ತಲುಪಬೇಕಾದರೆ ರಬ್ಬರನ್ನು ದಾಟಬೇಕು. ಹಬ್ ಜಂಗು ಹಿಡಿದು ಅಲುಗದಿದ್ದರೆ ರಬ್ಬರೇ ಹರಿಯುತ್ತದೆ. ಒಮ್ಮೊಮ್ಮೆ ಪೂರ್ತಿ ಹರಿಯದೆ ಒಳಗೊಳಗೇ ಅಂಟು ಬಿಡುತ್ತದೆ, ಇದು ಇನ್ನೂ ಕೆಟ್ಟದ್ದು. ಪುಲ್ಲಿ ಚೆನ್ನಾಗಿಯೇ ಬಂತು ಎಂದುಕೊಂಡು ಅದನ್ನೇ ವಾಪಸ್ ಹಾಕುತ್ತೀರಿ. ಕೆಲವು ತಿಂಗಳ ನಂತರ ಹೊರ ಬಳೆ ಓರೆಯಾಗಿ ತಿರುಗುತ್ತಾ ಬೆಲ್ಟನ್ನು ಕಡಿಯತೊಡಗುತ್ತದೆ. ಅದನ್ನು ಈ ದಿನದ ಕೆಲಸಕ್ಕೆ ಯಾರೂ ತಳುಕು ಹಾಕುವುದಿಲ್ಲ, ಬೆಲ್ಟಿನ ಗುಣಮಟ್ಟವನ್ನು ಬೈಯುತ್ತಾರೆ.

ಆದ್ದರಿಂದ ಹಿಡಿಯುವುದಿದ್ದರೂ ಎಳೆಯುವುದಿದ್ದರೂ ಹಬ್ ಮೇಲೆಯೇ ಆಗಬೇಕು. ಈ ಪುಲ್ಲಿಯ ಹಬ್ ಮುಖದಲ್ಲಿ ನಡುಬೋಲ್ಟಿನ ಎರಡೂ ಬದಿಗೆ ತ್ರೆಡ್ ಇರುವ ಒಂದೊಂದು ತೂತು ಇರುವುದು ಇದಕ್ಕಾಗಿಯೇ. ಟೊಯೋಟಾದಲ್ಲಿ ಇವು ಸಾಮಾನ್ಯವಾಗಿ ಎಂ8 ಅಳತೆಯವು, 1.25 ಪಿಚ್‌ನವು. ಇವುಗಳಲ್ಲಿ ಜಂಗು, ಮಣ್ಣು ತುಂಬಿರುತ್ತದೆ. ತಂತಿಯಿಂದ ಕೆದಕಿ, ಸ್ವಲ್ಪ ಎಣ್ಣೆ ಬಿಟ್ಟು, ಎಂ8 ಬೋಲ್ಟೊಂದನ್ನು ಬರಿ ಬೆರಳಿನಲ್ಲಿ ತಿರುಗಿಸಿ ಒಳಗೆ ಹೋಗುತ್ತದೆಯೇ ನೋಡಿ. ಬಿಗಿಯಾದರೆ ಪಾನಾ ಹಾಕಿ ಒತ್ತಬೇಡಿ, ಎಂ8 ಟ್ಯಾಪ್ ಓಡಿಸಿ. ಮುಂದಿನದೆಲ್ಲ ಈ ಎರಡು ತೂತುಗಳ ಮೇಲೆ ನಿಂತಿದೆ.

ಹಿಡಿಯುವ ಪಟ್ಟಿ

ನಡುಬೋಲ್ಟಿನ ತಲೆ 19 ಮಿ.ಮೀ.ನದು. ಕಂಪನಿ ಇದಕ್ಕೆ ಕೊಟ್ಟಿರುವ ಬಿಗಿತ 138 ನ್ಯೂಟನ್ ಮೀಟರ್. 60 ಸೆಂ.ಮೀ. ಉದ್ದದ ಬ್ರೇಕರ್ ಬಾರ್‌ನ ತುದಿಯಲ್ಲಿ ಸುಮಾರು 23 ಕೆ.ಜಿ. ಭಾರ ಹಾಕಿದಷ್ಟು ಅದು. ಕೇಳಲು ದೊಡ್ಡದೇನಲ್ಲ. ಆದರೆ ವರ್ಷಗಟ್ಟಲೆ ಬಿಸಿ ತಂಪು ಕಂಡ ಬೋಲ್ಟ್ ಸಡಿಲವಾಗಲು ಇದರ ಎರಡರಷ್ಟು ಕೇಳಿದರೂ ಆಶ್ಚರ್ಯವಿಲ್ಲ. ಅಷ್ಟು ಬಲ ಬಿದ್ದಾಗ ಬೋಲ್ಟಿನ ಜೊತೆ ಇಡೀ ಕ್ರ್ಯಾಂಕ್ ತಿರುಗಿಬಿಡುತ್ತದೆ. ಅದನ್ನು ತಡೆಯುವುದು ಹೇಗೆ ಎನ್ನುವಲ್ಲಿಂದ ಗ್ಯಾರೇಜುಗಳ ಉಪಾಯಗಳು ಶುರುವಾಗುತ್ತವೆ.

ಒಂದು, ಫ್ಲೈವೀಲ್ ಹಲ್ಲಿಗೆ ಸ್ಕ್ರೂಡ್ರೈವರ್ ಚುಚ್ಚುವುದು. ಹಲ್ಲು ಮುರಿಯಬಹುದು, ಅಲ್ಯೂಮಿನಿಯಂ ಹೌಸಿಂಗ್ ಸೀಳಬಹುದು. ಎರಡು, ಹಳೆಯ ಬೆಲ್ಟ್ ಸುತ್ತಿ ಅದರ ಮೇಲೆ ಚೈನ್ ಪಾನಾ ಹಾಕುವುದು. ಇಲ್ಲಿ ಹಿಡಿತ ಹೊರ ಬಳೆಯ ಮೇಲೆ ಬೀಳುತ್ತದೆ, ತಿರುಚುವ ಬಲವೆಲ್ಲ ಮತ್ತೆ ರಬ್ಬರಿನ ಪಾಲಾಗುತ್ತದೆ. ಮೂರನೆಯದು ಸ್ಟಾರ್ಟರ್ ಉಪಾಯ. ಬ್ರೇಕರ್ ಬಾರನ್ನು ನೆಲಕ್ಕೋ ಚಾಸಿಗೋ ತಾಗಿಸಿಟ್ಟು, ಒಂದು ಕ್ಷಣ ಕೀ ತಿರುಗಿಸಿ ಎಂಜಿನ್ ಬಲದಿಂದಲೇ ಬೋಲ್ಟ್ ಬಿಡಿಸುವುದು. ಕೆಲಸ ಮಾಡುವುದೂ ಉಂಟು. ಬಾರ್ ಜಾರಿ ಹಾರಿದರೆ ಅದು ಎಲ್ಲಿಗೆ ಬಡಿಯುತ್ತದೆ ಎಂದು ಯಾರೂ ಹೇಳಲಾಗದು, ಎಂಜಿನ್ ಸ್ಟಾರ್ಟ್ ಆಗಿಬಿಟ್ಟರಂತೂ ಕೇಳುವುದೇ ಬೇಡ. ಇನ್ನೊಂದು ಮಾತು: ಪುಲ್ಲಿಯ ಕಡೆಯಿಂದ ನೋಡಿದಾಗ ಎಂಜಿನ್ ಗಡಿಯಾರದ ದಿಕ್ಕಿಗೆ ತಿರುಗಿದರೆ ಮಾತ್ರ ಈ ಉಪಾಯ ನಡೆಯುತ್ತದೆ. ಹೊಂಡಾದ ಹಳೆಯ ಡಿ ಮತ್ತು ಬಿ ಸರಣಿಯ ಎಂಜಿನ್ನುಗಳು ಉಲ್ಟಾ ತಿರುಗುವಂಥವು, ಆದರೆ ಬೋಲ್ಟ್ ಮಾತ್ರ ಮಾಮೂಲಿ ತ್ರೆಡ್ಡಿನದು. ಅವುಗಳಲ್ಲಿ ಸ್ಟಾರ್ಟರ್ ತಿರುಗಿಸಿದರೆ ಬೋಲ್ಟ್ ಇನ್ನಷ್ಟು ಬಿಗಿಯಾಗುತ್ತದೆ.

ಮ್ಯಾನುಯಲ್ ಗೇರಿನ ಗಾಡಿಯಾದರೆ ಐದನೇ ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿದುಕೊಳ್ಳುವ ಕ್ರಮವೊಂದಿದೆ. ಇದು ನನ್ನ ದೃಷ್ಟಿಯಲ್ಲಿ ಕೆಟ್ಟದ್ದಲ್ಲ. ಮೊದಲನೇ ಗೇರಿನಲ್ಲಿ ಹಾಕಿದರೆ ನೀವು ಬೋಲ್ಟಿಗೆ ಕೊಡುವ ಬಲ ಗೇರುಗಳ ಮೂಲಕ ಹತ್ತಕ್ಕಿಂತ ಹೆಚ್ಚು ಪಟ್ಟಾಗಿ ಚಕ್ರಕ್ಕೆ ಹೋಗುತ್ತದೆ, ಬ್ರೇಕಿಗೆ ತಡೆಯುವುದು ಕಷ್ಟ. ಐದನೆಯದರಲ್ಲಿ ಮೂರು ನಾಲ್ಕು ಪಟ್ಟಿನಲ್ಲೇ ಮುಗಿಯುತ್ತದೆ. ಆದರೂ ಕ್ಲಚ್ ನಡುವೆ ಇದೆಯಲ್ಲ, ಅದನ್ನು ಮಾಡಿರುವುದು ಎಂಜಿನ್ನಿನ ಬಲಕ್ಕೆ ತಕ್ಕಂತೆ. ಹಟ ಹಿಡಿದ ಬೋಲ್ಟಿಗೆ ಅದು ಜಾರಬಹುದು. ಆಟೋಮ್ಯಾಟಿಕ್ ಗಾಡಿಗೆ ಈ ದಾರಿಯೇ ಇಲ್ಲ.

ಸರಿಯಾದ ಸಾಧನ ಸರಳವಾದದ್ದು. ಉದ್ದ ಹಿಡಿಯ ತುದಿಯಲ್ಲಿ ಎರಡು ಪಿನ್ ಅಥವಾ ಎರಡು ಬೋಲ್ಟ್ ಇರುವ ಹೋಲ್ಡಿಂಗ್ ಟೂಲ್. ಬೋಲ್ಟುಗಳು ಆ ಎಂ8 ತೂತುಗಳಿಗೆ ಹೋಗುತ್ತವೆ, ನಡುವಿನ ದೊಡ್ಡ ತೂತಿನ ಮೂಲಕ ಸಾಕೆಟ್ ನಡುಬೋಲ್ಟನ್ನು ಮುಟ್ಟುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ವಿಚಾರಿಸಬಹುದು. ಸಿಗದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. 75 ಮಿ.ಮೀ. ಅಗಲ, 10 ಮಿ.ಮೀ. ದಪ್ಪ, ಮುಕ್ಕಾಲು ಮೀಟರ್ ಉದ್ದದ ಕಬ್ಬಿಣದ ಪಟ್ಟಿ ಸಾಕು. ಪುಲ್ಲಿಯ ಮುಖದ ಮೇಲೆ ದಪ್ಪ ಕಾಗದ ಇಟ್ಟು ಬೆರಳಿನಿಂದ ಉಜ್ಜಿದರೆ ತೂತುಗಳ ಗುರುತು ಎಣ್ಣೆಮಸಿಯಲ್ಲಿ ತಾನಾಗಿ ಮೂಡುತ್ತದೆ, ಅದೇ ನಕ್ಷೆ. ನಡುತೂತು ನಿಮ್ಮ ಸಾಕೆಟ್ಟಿನ ಹೊರ ಅಳತೆಗಿಂತ ಎರಡು ಮೂರು ಮಿ.ಮೀ. ದೊಡ್ಡದಿರಲಿ.

ಬೋಲ್ಟುಗಳ ತಲೆಯ ಮೇಲೆ 8.8 ಅಥವಾ 10.9 ಎಂದು ಬರೆದಿರಬೇಕು. ಸಾದಾ ಹಾರ್ಡ್‌ವೇರ್ ಬೋಲ್ಟ್ ಬೇಡ. ಪಟ್ಟಿ ಪುಲ್ಲಿಯ ಮುಖಕ್ಕೆ ಸಪಾಟಾಗಿ ಅಂಟಿ ಕೂರಬೇಕು. ನಡುವೆ ವಾಷರುಗಳನ್ನು ಪೇರಿಸಿ ಒಂದೆರಡು ಸೆಂ.ಮೀ. ಅಂತರ ಬಿಟ್ಟರೆ ಬೋಲ್ಟುಗಳ ಮೇಲೆ ಬಗ್ಗಿಸುವ ಬಲ ಬೀಳುತ್ತದೆ. ಅಂಟಿ ಕೂತಾಗ ಸುಲಭವಾಗಿ ತಾಳುವ ಬೋಲ್ಟ್ ಹಾಗೆ ಬಗ್ಗುವಾಗ ಮುರಿಯಬಹುದು, ಮುರಿದ ತುಂಡು ತೂತಿನಲ್ಲೇ ಉಳಿಯುತ್ತದೆ. ಉದ್ದವನ್ನೂ ಅಳೆಯಿರಿ. ತೂತುಗಳು ಹಬ್‌ನ ಆಚೆಗೂ ತೆರೆದಿದ್ದರೆ ಹೆಚ್ಚು ಉದ್ದದ ಬೋಲ್ಟ್ ಹಿಂದಿನ ಅಲ್ಯೂಮಿನಿಯಂ ಟೈಮಿಂಗ್ ಕವರಿಗೆ ತಾಗಿ ಅದನ್ನು ತೂತು ಮಾಡುತ್ತದೆ. ಹಬ್‌ನ ಒಳಗೆ 10 ಮಿ.ಮೀ.ಯಷ್ಟು ತ್ರೆಡ್ ಹಿಡಿದರೆ ಸಾಕು. ಬೋಲ್ಟ್ ತಿರುಗಿಸುತ್ತಾ ಹೋದಾಗ ತಲೆ ಕೂರುವ ಮೊದಲೇ ಗಟ್ಟಿ ಏನೋ ತಾಗಿದಂತಾದರೆ ಅಲ್ಲೇ ನಿಲ್ಲಿಸಿ, ಬೋಲ್ಟ್ ಗಿಡ್ಡ ಮಾಡಿಸಿ.

ಬೋಲ್ಟ್ ಬಿಡಿಸುವುದು

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಹಿಂಚಕ್ರಗಳಿಗೆ ಅಡ್ಡ ಕೊಟ್ಟು, ಗಾಡಿ ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರಿ ಜ್ಯಾಕ್ ನಂಬಿಕೊಂಡು ಮಾಡುವ ಕೆಲಸವಲ್ಲ ಇದು. ನೀವು ಗಾಡಿಯನ್ನು ಅಡ್ಡಡ್ಡ ಎಳೆಯಲಿದ್ದೀರಿ. ಚಕ್ರ ತೆಗೆದು, ಒಳಗಿನ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಬೆಲ್ಟ್ ಯಾವ ಪುಲ್ಲಿಯ ಮೇಲೆ ಹೇಗೆ ಹೋಗಿದೆ ಎಂದು ಫೋನಿನಲ್ಲಿ ಫೋಟೋ ಹೊಡೆದುಕೊಂಡು, ಟೆನ್ಷನರ್‌ಗೆ ಪಾನಾ ಹಾಕಿ ತಿರುಗಿಸಿ ಬೆಲ್ಟ್ ಇಳಿಸಿ.

ಈಗ ಪುಲ್ಲಿಗೆ ಮುಖ ಮಾಡಿ ಕುಳಿತರೆ ಗಾಡಿಯ ಮೂತಿ ನಿಮ್ಮ ಬಲಕ್ಕಿರುತ್ತದೆ, ಡಿಕ್ಕಿ ಎಡಕ್ಕೆ. ಬೋಲ್ಟ್ ಬಿಚ್ಚುವುದು ಗಡಿಯಾರಕ್ಕೆ ವಿರುದ್ಧವಾಗಿ. ಆಗ ಪುಲ್ಲಿಯೂ ಅದೇ ದಿಕ್ಕಿಗೆ ತಿರುಗಲು ನೋಡುತ್ತದೆ. ಅಂದರೆ ಹೋಲ್ಡಿಂಗ್ ಪಟ್ಟಿಯ ಹಿಡಿ ನಿಮ್ಮ ಎಡಕ್ಕೆ ಚಾಚಿದ್ದರೆ ಅದು ಕೆಳಕ್ಕೆ ಒತ್ತುತ್ತದೆ. ಹಿಡಿಯನ್ನು ಎಡಕ್ಕೆ, ಓರೆಯಾಗಿ ಕೆಳಕ್ಕೆ ಇಳಿಸಿ, ನೆಲದ ಮೇಲೆ ಇಟ್ಟ ಗಟ್ಟಿ ಮರದ ದಿಮ್ಮಿಗೆ ಊರುವಂತೆ ಮಾಡಿ. ಬ್ರೇಕ್ ಹೋಸ್, ಡ್ರೈವ್ ಶಾಫ್ಟಿನ ರಬ್ಬರ್ ಬೂಟು, ಬಾಲ್ ಜಾಯಿಂಟ್ ಇವುಗಳಿಗೆ ತಾಗದಿರಲಿ. ಪಟ್ಟಿಯನ್ನು ಕೈಯಲ್ಲಿ ಯಾರೂ ಹಿಡಿದುಕೊಂಡಿರಬೇಕಿಲ್ಲ, ಹಿಡಿದಿರಲೂಬಾರದು.

ಸಾಕೆಟ್ ಆರು ಮೂಲೆಯ ಇಂಪ್ಯಾಕ್ಟ್ ಮಾದರಿಯದಾಗಿರಲಿ. ಹನ್ನೆರಡು ಮೂಲೆಯದು ಹಳೆಯ ಬೋಲ್ಟಿನ ತಲೆಯನ್ನು ದುಂಡಗಾಗಿಸುತ್ತದೆ. ಬಾರ್ ಚಕ್ರದ ಕುಳಿಯಿಂದ ಹೊರಗೆ ಬರುವಷ್ಟು ಎಕ್ಸ್‌ಟೆನ್ಷನ್ ಬೇಕು, ಅದಕ್ಕಿಂತ ಉದ್ದ ಬೇಡ. ಉದ್ದವಾದಷ್ಟೂ ಅದು ತಿರುಚಿಕೊಂಡು ನಿಮ್ಮ ಬಲವನ್ನು ನುಂಗುತ್ತದೆ. ಎಕ್ಸ್‌ಟೆನ್ಷನ್ನಿನ ಹೊರ ತುದಿಯ ಕೆಳಗೆ ಇನ್ನೊಂದು ಜ್ಯಾಕ್ ಸ್ಟ್ಯಾಂಡ್ ಇಟ್ಟು ಆಧಾರ ಕೊಡಿ. ಈ ಸಣ್ಣ ಕೆಲಸವನ್ನು ಬಹಳ ಜನ ಬಿಡುತ್ತಾರೆ. ಆಧಾರವಿಲ್ಲದಿದ್ದರೆ ಬಾರನ್ನು ಒತ್ತಿದಾಗ ಸಾಕೆಟ್ ಓರೆಯಾಗಿ, ಅರ್ಧ ಬಲ ಬೋಲ್ಟನ್ನು ತಿರುಗಿಸಲು, ಇನ್ನರ್ಧ ತಲೆಯಿಂದ ಜಾರಲು ಹೋಗುತ್ತದೆ.

ಬ್ರೇಕರ್ ಬಾರ್ ನಿಮ್ಮ ಬಲಕ್ಕೆ ಚಾಚಿಕೊಂಡಿದ್ದರೆ ಮೇಲಕ್ಕೆ ಎತ್ತಬೇಕು, ಎಡಕ್ಕಿದ್ದರೆ ಕೆಳಕ್ಕೆ ಒತ್ತಬೇಕು. ಬಾರ್ ಸಾಲದಿದ್ದರೆ ಪೈಪ್ ತೂರಿಸಿ ಉದ್ದ ಮಾಡಿ. ಜರ್ಕ್ ಕೊಡುವುದಕ್ಕಿಂತ ಬಲವನ್ನು ಸಮನಾಗಿ ಏರಿಸುತ್ತಾ ಹೋಗಿ. ಬಿಡುವಾಗ ‘ಟಕ್’ ಎಂದು ಒಂದು ಗಟ್ಟಿ ಸದ್ದು ಬರುತ್ತದೆ, ಗುಂಡು ಹಾರಿದಂತೆ ಅನಿಸಿದರೂ ಹೆದರಬೇಕಿಲ್ಲ. ಹೆದರಬೇಕಾದದ್ದು ಸದ್ದೇ ಇಲ್ಲದೆ ಬಾರ್ ಮೆತ್ತಗೆ, ರಬ್ಬರಿನಂತೆ ಸರಿಯುತ್ತಾ ಹೋದಾಗ. ಆಗ ಬಲ ತೆಗೆದು ನೋಡಿ. ಬಾರ್ ಹಿಂದಕ್ಕೆ ಬಂದರೆ ಎಕ್ಸ್‌ಟೆನ್ಷನ್ ತಿರುಚಿಕೊಂಡದ್ದು ಅಷ್ಟೇ. ಬರದಿದ್ದರೆ ಹೋಲ್ಡಿಂಗ್ ಬೋಲ್ಟ್ ಬಗ್ಗಿದೆಯೋ, ಸಾಕೆಟ್ ತಲೆಯ ಮೇಲೆ ಜಾರುತ್ತಿದೆಯೋ ಪರೀಕ್ಷಿಸಿ. ನಡುಬೋಲ್ಟಿನ ತಲೆಯ ಮೇಲೂ ಪುಲ್ಲಿಯ ಮೇಲೂ ಸೇರಿ ಬರುವಂತೆ ಮೊದಲೇ ಸುಣ್ಣದಕಡ್ಡಿಯ ಒಂದು ಗೆರೆ ಎಳೆದಿದ್ದರೆ, ಏನು ತಿರುಗಿತು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇಲ್ಲಿ ಗ್ಯಾಸ್ ಬೆಂಕಿ ಬೇಡವೇ ಬೇಡ. ಕಬ್ಬಿಣ ಕಾಯುವ ಮೊದಲು ಡ್ಯಾಂಪರ್ ರಬ್ಬರ್ ಹೋಗುತ್ತದೆ. ಜಂಗು ಬಿಡಿಸುವ ಸ್ಪ್ರೇ ಈ ಹಂತದಲ್ಲಿ ಹೆಚ್ಚು ಪ್ರಯೋಜನವಿಲ್ಲ. ಬೋಲ್ಟಿನ ತಲೆಯ ಅಗಲ ಅಂಚು ಪುಲ್ಲಿಗೆ ಅಂಟಿ ಕೂತಿರುವುದರಿಂದ ಎಣ್ಣೆ ಒಳಗಿನ ತ್ರೆಡ್ಡಿಗೆ ಇಳಿಯುವುದೇ ಇಲ್ಲ. ಒಳ್ಳೆಯ ಇಂಪ್ಯಾಕ್ಟ್ ಗನ್ ಇದ್ದರೆ ಬಿಚ್ಚಲು ಬಳಸಬಹುದು. ಹಗುರ ಬ್ಯಾಟರಿ ಗನ್ ಹಿಡಿದು ಐದು ನಿಮಿಷ ಗಡಗಡ ಅನ್ನಿಸುತ್ತಾ ಕೂರುವುದರಿಂದ ಬೋಲ್ಟಿನ ತಲೆ ಸವೆಯುತ್ತದೆ, ಅಷ್ಟೇ.

ಪುಲ್ಲರ್ ಕಟ್ಟುವುದು

ಬೋಲ್ಟ್ ಬಂದ ಮೇಲೆ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ಅಲುಗಿಸುತ್ತಾ ಎಳೆದು ನೋಡಿ. ಈ ಎಂಜಿನ್ನಿನ ಪುಲ್ಲಿ ಬಡಿದು ಕೂರಿಸುವ ಜಾತಿಯದಲ್ಲ, ಶಾಫ್ಟಿನ ಮೇಲೆ ಸರಿದು ಕೂರುವಂಥದ್ದು. ಎಷ್ಟೋ ಸಲ ಕೈಯಲ್ಲೇ ಬರುತ್ತದೆ. ಬಾರದಿದ್ದರೆ ಹಬ್‌ಗೂ ಶಾಫ್ಟಿಗೂ ನಡುವೆ ಜಂಗು ಕಟ್ಟಿದೆ ಎಂದರ್ಥ. ಈಗ ಸ್ಪ್ರೇ ಉಪಯೋಗಕ್ಕೆ ಬರುತ್ತದೆ. ನಡುತೂತಿನೊಳಗೆ ಶಾಫ್ಟಿನ ತುದಿಯ ಸುತ್ತ ನಾಲ್ಕಾರು ಹನಿ ಬಿಟ್ಟು ಅರ್ಧ ಗಂಟೆ ಕಾಯಿರಿ. ರಬ್ಬರ್ ಪಟ್ಟಿಗೆ ತಾಗಿದ್ದನ್ನು ಒರೆಸಿಬಿಡಿ.

ಹಿಂದಿನಿಂದ ಟೈರ್ ಲಿವರ್ ತೂರಿಸಿ ಮೀಟುವ ಆಸೆ ಬರುವುದು ಇದೇ ಹೊತ್ತಿಗೆ. ಲಿವರ್ ಒಂದು ಕಡೆ ಟೈಮಿಂಗ್ ಕವರಿನ ಮೇಲೆ ಊರುತ್ತದೆ, ಇನ್ನೊಂದು ಕಡೆ ಪುಲ್ಲಿಯ ಹೊರ ಬಳೆಯನ್ನು ಎತ್ತುತ್ತದೆ. ಎರಡೂ ಅದಕ್ಕೆ ಮಾಡಿದವಲ್ಲ.

ಬೇಕಾದದ್ದು ಸ್ಟೀರಿಂಗ್ ಪುಲ್ಲರ್ ಎಂದು ಕರೆಯುವ, ಅಡ್ಡ ತೊಲೆಯೊಂದರ ನಡುವೆ ದಪ್ಪ ಸ್ಕ್ರೂ ಇರುವ ಸಾಧನ. ತೊಲೆಯ ಎರಡು ಸೀಳುಗಳ ಮೂಲಕ ಎರಡು ಎಂ8 ಬೋಲ್ಟುಗಳು ಪುಲ್ಲಿಯ ತೂತುಗಳಿಗೆ ಹೋಗುತ್ತವೆ, ನಡುಸ್ಕ್ರೂ ಕ್ರ್ಯಾಂಕಿನ ತುದಿಯನ್ನು ಒತ್ತುತ್ತದೆ. ಆದರೆ ಕ್ರ್ಯಾಂಕಿನ ತುದಿಯಲ್ಲಿರುವುದು ತೂತು, ಬೋಲ್ಟ್ ಹೋಗುವ ತ್ರೆಡ್. ಚೂಪು ಸ್ಕ್ರೂ ನೇರವಾಗಿ ಅದರೊಳಗೆ ಇಳಿದರೆ ಮೊದಲ ಸುತ್ತುಗಳು ಜಜ್ಜಿಹೋಗುತ್ತವೆ. ಆಗ ಇಡೀ ಎಂಜಿನ್ನಿನ ಅತ್ಯಂತ ದುಬಾರಿ ತುಂಡೊಂದರ ತ್ರೆಡ್ ರಿಪೇರಿ ಮಾಡುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ನಡುವೆ ಒಂದು ಉಕ್ಕಿನ ಬಿಲ್ಲೆ ಇಡಬೇಕು. ತ್ರೆಡ್ ತೂತಿಗಿಂತ ದೊಡ್ಡದು, ಹಬ್‌ನ ನಡುತೂತಿಗಿಂತ ಚಿಕ್ಕದು, ಶಾಫ್ಟಿನ ತುದಿಯ ಅಂಚಿನ ಮೇಲೆ ಸಪಾಟಾಗಿ ಕೂರುವಂಥದ್ದು. ಲೇತಿನವರು ಒಂದು ತುಂಡು ಕಡಿದು ನಡುವೆ ಸಣ್ಣ ಗುಳಿ ಹಾಕಿಕೊಟ್ಟರೆ ಸ್ಕ್ರೂ ಜಾರುವುದೂ ಇಲ್ಲ.

ಅದೇ ನಡುಬೋಲ್ಟನ್ನು ನಾಲ್ಕೈದು ಸುತ್ತು ಮಾತ್ರ ವಾಪಸ್ ಹಾಕಿ ಅದರ ತಲೆಯ ಮೇಲೆ ಸ್ಕ್ರೂ ಒತ್ತುವವರಿದ್ದಾರೆ. ಪುಲ್ಲಿ ಹಗುರವಾಗಿ ಸಿಕ್ಕಿದ್ದರೆ ನಡೆಯುತ್ತದೆ. ಗಟ್ಟಿ ಹಿಡಿದಿದ್ದರೆ ಅಷ್ಟೂ ಬಲ ಆ ನಾಲ್ಕೈದು ಸುತ್ತು ತ್ರೆಡ್ಡಿನ ಮೇಲೆ ಬೀಳುತ್ತದೆ, ಆಗ ಬಿಲ್ಲೆಯೇ ಮೇಲು.

ಪುಲ್ಲರಿನ ಬೋಲ್ಟುಗಳಿಗೂ ಮೊದಲು ಹೇಳಿದ ಉದ್ದದ ನಿಯಮವೇ. ಎರಡನ್ನೂ ಸಮ ಸುತ್ತು ಹಾಕಿ, ತೊಲೆ ಪುಲ್ಲಿಯ ಮುಖಕ್ಕೆ ಸಮಾನಾಂತರವಾಗಿದೆಯೇ ಎಂದು ಬದಿಯಿಂದ ಕಣ್ಣಿಟ್ಟು ನೋಡಿ. ಓರೆಯಿದ್ದರೆ ಹಬ್ ಶಾಫ್ಟಿನ ಮೇಲೆ ಕಚ್ಚಿಕೊಳ್ಳುತ್ತದೆ, ಎಳೆದಷ್ಟೂ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದ ಹಾಗೆ. ನಡುಸ್ಕ್ರೂವಿಗೆ ಗ್ರೀಸ್ ಹಚ್ಚಿ. ಸ್ಕ್ರೂ ತಿರುಗಿಸಿದಾಗ ಕ್ರ್ಯಾಂಕ್ ಸಹ ತಿರುಗಲು ನೋಡಿದರೆ ಪುಲ್ಲರಿನ ತೊಲೆಯನ್ನೇ ಒಂದು ಪಾನಾದಿಂದ ತಡೆದು ಹಿಡಿಯಿರಿ.

ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ನೋಡಿ. ಪುಲ್ಲಿ ಸರಿಯುತ್ತಿದ್ದರೆ ಕೈಗೆ ಒಂದೇ ಸಮನಾದ ಬಿಗಿತ ಸಿಗುತ್ತದೆ. ಬಿಗಿತ ಏರುತ್ತಲೇ ಹೋಗಿ ಏನೂ ಅಲುಗದಿದ್ದರೆ ಮತ್ತೆ ಬಲ ಹಾಕಬೇಡಿ. ಆ ಬಿಗಿತದಲ್ಲೇ ಬಿಟ್ಟು, ನಡುಸ್ಕ್ರೂವಿನ ತಲೆಗೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ಎರಡು ಪೆಟ್ಟು ಹಾಕಿ. ಜೋರು ಪೆಟ್ಟು ಬೇಡ, ಅದು ಕ್ರ್ಯಾಂಕಿನ ಉದ್ದಕ್ಕೂ ಹೋಗಿ ಥ್ರಸ್ಟ್ ಬೇರಿಂಗಿಗೆ ಬಡಿಯುತ್ತದೆ. ‘ಟಣ್’ ಎಂದು ಬಿಟ್ಟುಕೊಂಡರೆ ಗೆದ್ದಿರಿ. ಆದರೆ ಇದ್ದಕ್ಕಿದ್ದಂತೆ ಬಿಗಿತ ಮೆತ್ತಗಾಗಿ ಪುಲ್ಲಿ ಮಾತ್ರ ಇದ್ದಲ್ಲೇ ಇದ್ದರೆ, ಎಂ8 ತೂತಿನ ತ್ರೆಡ್ ಕಿತ್ತುಬರುತ್ತಿದೆ. ತಕ್ಷಣ ಸಡಿಲಿಸಿ. ಬೋಲ್ಟ್ ಇನ್ನಷ್ಟು ಒಳಗೆ ಹಿಡಿಯಲು ಜಾಗವಿದೆಯೇ ನೋಡಿ, ಇಲ್ಲದಿದ್ದರೆ ಹಬ್‌ನ ಹಿಂಬದಿಯನ್ನು ಹಿಡಿಯುವ ಸಣ್ಣ ಕಾಲಿನ ಪುಲ್ಲರ್‌ಗೆ ಹೋಗಬೇಕು. ಕಾಲುಗಳು ಹಬ್‌ಗೆ ಸಿಗದೆ ಹೊರ ಬಳೆಗೆ ಮಾತ್ರ ಸಿಗುವುದಾದರೆ, ಪುಲ್ಲಿ ಹೋಯಿತು, ಹೊಸದು ತರುತ್ತೇವೆ ಎಂದು ಒಪ್ಪಿಕೊಂಡೇ ಎಳೆಯಬೇಕು.

ಎಲ್ಲ ಗಾಡಿಗೂ ಇದೇ ಸೂತ್ರ ಹೊಂದುವುದಿಲ್ಲ. ಹೊಂಡಾದ ಎಷ್ಟೋ ಪುಲ್ಲಿಗಳ ನಡುವೆ 50 ಮಿ.ಮೀ.ನ ಆರು ಮೂಲೆಯ ಕುಳಿ ಇದೆ, ಅದಕ್ಕೆ ಕೂರುವ ಹೋಲ್ಡರ್ ಬೇರೆಯೇ. ಅಮೆರಿಕದ ಜನರಲ್ ಮೋಟಾರ್ಸ್‌ನ ಎಲ್‌ಎಸ್ ವಿ8 ಎಂಜಿನ್ನುಗಳಲ್ಲಿ ಬ್ಯಾಲೆನ್ಸರಿಗೆ ಕೀ ಕೂಡ ಇಲ್ಲ, ಬಿಗಿಯಾಗಿ ಒತ್ತಿ ಕೂರಿಸಿದ ಹಬ್ ಮತ್ತು ಬೋಲ್ಟ್ ಎರಡರ ಬಲದ ಮೇಲೆಯೇ ನಿಂತಿರುತ್ತದೆ. ಅಲ್ಲಿ ಮೂರು ಕಾಲಿನ ಪುಲ್ಲರೇ ಸರಿ, ಏಕೆಂದರೆ ಕಾಲುಗಳು ಕಡ್ಡಿಗಳ ನಡುವೆ ಹೋಗಿ ಒಳಗಿನ ಗಟ್ಟಿ ಭಾಗವನ್ನೇ ಹಿಡಿಯುತ್ತವೆ. ವಾಪಸ್ ಕೂರಿಸಲು ಇನ್ನೊಂದು ಸಾಧನ ಬೇಕು. ಬಿಚ್ಚಿದ ಬೋಲ್ಟನ್ನು ಕೊನೆಯ ಬಿಗಿತಕ್ಕೆ ಮತ್ತೆ ಬಳಸುವಂತಿಲ್ಲ, ಹೊಸದನ್ನು ಹಾಕಿ ಬಿಗಿತದ ಮೇಲೆ ಕೋನದ ಲೆಕ್ಕದಲ್ಲಿ ಮತ್ತಷ್ಟು ತಿರುಗಿಸಬೇಕು. ನಿಮ್ಮ ಗಾಡಿಯ ಪುಲ್ಲಿ ಯಾವ ಜಾತಿಯದು ಎಂದು ರಿಪೇರಿ ಪುಸ್ತಕದಲ್ಲಿ ನೋಡದೆ ಸಾಧನ ಕೊಳ್ಳಲು ಹೋಗಬೇಡಿ.

ಕೈಗೆ ಬಂದ ಮೇಲೆ

ಪುಲ್ಲಿ ಹೊರಬರುವಾಗ ಶಾಫ್ಟಿನ ಮೇಲಿರುವ ಸಣ್ಣ ಕೀ ಜಾರಿ ಬೀಳದಂತೆ ಕೆಳಗೆ ಬಟ್ಟೆ ಹಾಸಿರಿ. ಪುಲ್ಲಿಯನ್ನು ತೊಳೆದು ಬೆಳಕಿಗೆ ಹಿಡಿದು ರಬ್ಬರ್ ಪಟ್ಟಿ ನೋಡಿ. ಬಿರುಕು ಬಿಟ್ಟಿದೆಯೇ, ಒಂದು ಕಡೆ ಉಬ್ಬಿ ಹೊರಗೆ ಬಂದಿದೆಯೇ, ಎಣ್ಣೆ ಕುಡಿದು ಮೆತ್ತಗಾಗಿದೆಯೇ? ಹಬ್ ಹಿಡಿದು ಹೊರ ಬಳೆಯನ್ನು ಬಲವಾಗಿ ತಿರುಗಿಸಲು ನೋಡಿ, ಕೈಬಲಕ್ಕೆ ಅದು ಸರಿಯಬಾರದು. ಇನ್ನೊಂದು ಸೂಕ್ಷ್ಮವಿದೆ. ಟೈಮಿಂಗ್ ಗುರುತು ಇರುವುದು ಹೊರ ಬಳೆಯ ಮೇಲೆ. ಬಳೆ ಸ್ವಲ್ಪ ಸರಿದಿದ್ದರೂ ಗುರುತು ಸುಳ್ಳು ಹೇಳುತ್ತದೆ, ಅದನ್ನು ನಂಬಿ ಮೊದಲ ಸಿಲಿಂಡರಿನ ಟಾಪ್ ಹುಡುಕಿದವರು ದಾರಿ ತಪ್ಪುತ್ತಾರೆ.

ಹಬ್‌ನ ಹೊರಮೈಯಲ್ಲಿ ಸೀಲಿನ ತುಟಿ ಉಜ್ಜುವ ಜಾಗಕ್ಕೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಸೋರುವುದು ನಿಲ್ಲದು. ಪುಲ್ಲಿ ಬದಲಿಸಬೇಕು, ಇಲ್ಲವೇ ಆ ಜಾಗಕ್ಕೆ ತೆಳು ಸ್ಲೀವ್ ಏರಿಸಬೇಕು. ಹಳೆಯ ಸೀಲಿನ ತುಟಿಯನ್ನು ಚಾಕುವಿನಿಂದ ಕತ್ತರಿಸಿ, ತುದಿಗೆ ಟೇಪ್ ಸುತ್ತಿದ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬಹುದು, ಶಾಫ್ಟಿಗೆ ಗೀಚದಿದ್ದರೆ ಸರಿ. ಹೊಸದರ ತುಟಿಗೆ ಗ್ರೀಸ್ ಸವರಿ, ಟೈಮಿಂಗ್ ಕವರಿನ ಅಂಚಿಗೆ ಸಮನಾಗುವವರೆಗೆ ಮಾತ್ರ ಬಡಿದು ಕೂರಿಸಿ.

ವಾಪಸ್ ಹಾಕುವಾಗ ಶಾಫ್ಟಿನ ಜಂಗನ್ನು ನಯವಾದ ಎಮರಿ ಕಾಗದದಿಂದ ತೆಗೆದು, ಪುಡಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಕೀ ಮತ್ತು ಹಬ್‌ನಲ್ಲಿರುವ ಅದರ ಸೀಳು ಒಂದೇ ನೇರಕ್ಕೆ ಬಂದರೆ ಪುಲ್ಲಿ ಕೈಯಲ್ಲೇ ಸರಿದು ಕೂರುತ್ತದೆ. ಸುತ್ತಿಗೆ ಮುಟ್ಟಬೇಡಿ. ಹೋಲ್ಡಿಂಗ್ ಪಟ್ಟಿಯನ್ನು ಈಗ ಉಲ್ಟಾ ಕಟ್ಟಿ, ಹಿಡಿ ನಿಮ್ಮ ಬಲಕ್ಕೆ, ಅಂದರೆ ಗಾಡಿಯ ಮೂತಿಯ ಕಡೆಗೆ ಓರೆಯಾಗಿ ಇಳಿದು ದಿಮ್ಮಿಯ ಮೇಲೆ ಊರಲಿ. ಟಾರ್ಕ್ ರೆಂಚಿನಲ್ಲಿ 138 ನ್ಯೂಟನ್ ಮೀಟರ್ ಬಿಗಿಯಿರಿ. ರೆಂಚ್ ಕೆ.ಜಿ. ಮೀಟರಿನದಾದರೆ ಅದು 14ರ ಹತ್ತಿರ. ಇಂಪ್ಯಾಕ್ಟ್ ಗನ್ನಿನಲ್ಲಿ ಅಂದಾಜಿನ ಮೇಲೆ ಬಿಗಿದು ಬಿಡುವುದು ನಮ್ಮಲ್ಲಿ ಮಾಮೂಲಿ, ಆದರೆ ಅಂದಾಜಿಗೆ ಇಲ್ಲಿ ಜಾಗವಿಲ್ಲ. ಪುಲ್ಲಿಯನ್ನು ಶಾಫ್ಟಿನ ಜೊತೆ ತಿರುಗಿಸುವುದು ಆ ಚಿಕ್ಕ ಕೀ ಎಂದು ಬಹಳ ಜನ ತಿಳಿದಿದ್ದಾರೆ. ಕೀ ಇರುವುದು ಜಾಗ ತೋರಿಸಲು. ಹಿಡಿದು ತಿರುಗಿಸುವುದು ಬೋಲ್ಟಿನ ಒತ್ತಡ. ಬಿಗಿತ ಕಡಿಮೆಯಾದರೆ ಪುಲ್ಲಿ ಪ್ರತಿ ಸುತ್ತಿಗೂ ಕೀಯನ್ನು ಅತ್ತಿತ್ತ ಬಡಿಯುತ್ತದೆ, ಕ್ರಮೇಣ ಕ್ರ್ಯಾಂಕಿನಲ್ಲಿರುವ ಅದರ ಸೀಳು ಅಗಲವಾಗುತ್ತದೆ. ಮೊದಮೊದಲು ನಿಧಾನ ವೇಗದಲ್ಲಿ ಟಕ್ ಟಕ್ ಎಂಬ ಸದ್ದು, ಆಮೇಲೆ ಪುಲ್ಲಿ ಅಲುಗಾಡುವುದು ಕಣ್ಣಿಗೇ ಕಾಣುತ್ತದೆ. ಅಷ್ಟರಲ್ಲಿ ಕ್ರ್ಯಾಂಕ್ ಕೆಟ್ಟಿರುತ್ತದೆ.

ಪಟ್ಟಿ ಬಿಚ್ಚಿ, ಎಂ8 ಬೋಲ್ಟುಗಳು ಪುಲ್ಲಿಯಲ್ಲಿ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎಂಜಿನ್ನನ್ನು ಬಾರಿನಿಂದ ಗಡಿಯಾರದ ದಿಕ್ಕಿಗೆ ಎರಡು ಸುತ್ತು ಕೈಯಲ್ಲೇ ತಿರುಗಿಸಿ. ಎಲ್ಲೂ ತಾಗದಿದ್ದರೆ ಫೋಟೋ ನೋಡಿಕೊಂಡು ಬೆಲ್ಟ್ ಏರಿಸಿ. ಕೊನೆಗೆ ಬಿಳಿ ಬಣ್ಣದಲ್ಲಿ ಹಬ್, ರಬ್ಬರ್, ಹೊರ ಬಳೆ ಮೂರನ್ನೂ ಸೇರಿಸಿ ಒಂದು ನೇರ ಗೆರೆ ಎಳೆಯಿರಿ. ಎಂಜಿನ್ ಸ್ಟಾರ್ಟ್ ಮಾಡಿ, ಪುಲ್ಲಿಯ ನೇರಕ್ಕೆ ನಿಲ್ಲದೆ ಬದಿಯಿಂದ ನೋಡಿ: ಅಂಚು ಒಂದೇ ಗೆರೆಯಂತೆ ತಿರುಗಬೇಕು, ಬೆಲ್ಟ್ ನಡುಗಬಾರದು. ಮುಂದಿನ ಆಯಿಲ್ ಬದಲಾವಣೆಗೆ ಗಾಡಿ ಎತ್ತಿದಾಗ ಆ ಬಿಳಿ ಗೆರೆ ರಬ್ಬರಿನ ಬಳಿ ಮುರಿದು ಎರಡಾಗಿ ಕಂಡರೆ ಹೊಸ ಪುಲ್ಲಿಗೆ ಹೇಳಿಡಿ.